ನೆರೆಯಿಂದ ಕಾಮಗಾರಿ ನಿಂತಾಗ ಎಂಪ್ಲಾಯರ್‌ಗೆ ಫೋರ್ಸ್ ಮೆಜೂರ್ ನೋಟಿಸ್ ಬರೆಯುವ ಕ್ರಮ

ಪ್ರತಿ ವರ್ಷ ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಗುತ್ತಿಗೆದಾರರು ಮತ್ತು ಅವರ ಸೈಟ್ ಇಂಜಿನಿಯರುಗಳು ಒಂದೇ ಪ್ರಶ್ನೆ ಕೇಳುತ್ತಾರೆ: "ಹೊಳೆ ಬಂದು ಸೈಟ್ ಮುಳುಗಿದೆ, ಇಲಾಖೆಗೆ ಏನೆಂದು ಪತ್ರ ಬರೆಯಬೇಕು?" ಹೆಚ್ಚಿನವರು ಅಷ್ಟರಲ್ಲಾಗಲೇ ಒಂದು ಪತ್ರ ಕೊಟ್ಟಿರುತ್ತಾರೆ. ವಿಪರೀತ ಮಳೆಯಿಂದ ಕೆಲಸ ಸ್ಥಗಿತಗೊಂಡಿದೆ, ದಯಮಾಡಿ ಅವಧಿ ವಿಸ್ತರಿಸಬೇಕು ಎಂಬ ನಾಲ್ಕು ಸಾಲು ಅದರಲ್ಲಿರುತ್ತವೆ. ಅದು ವಿನಂತಿಯೇ ಹೊರತು ನೋಟಿಸ್ ಅಲ್ಲ. ಯಾವ ಘಟನೆ, ಯಾವ ದಿನ, ಕರಾರಿನ ಯಾವ ಬಾಧ್ಯತೆಯನ್ನು ತಡೆಯಿತು, ಯಾವ ಕಲಮಿನ ಅಡಿಯಲ್ಲಿ ಇದನ್ನು ತಿಳಿಸಲಾಗುತ್ತಿದೆ ಎಂಬ ನಾಲ್ಕು ಸಂಗತಿಗಳಿಗೆ ಆ ಪತ್ರದಲ್ಲಿ ಉತ್ತರವಿಲ್ಲದಿದ್ದರೆ, ಒಂದು ವರ್ಷದ ನಂತರ ವಿಳಂಬ ದಂಡದ ಕಡತ ಮೇಲೆ ಬಂದಾಗ ಅದರಿಂದ ಉಪಯೋಗವಾಗುವುದಿಲ್ಲ.

ಮೊದಲು ಎರಡು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಇಲ್ಲಿ ಎಂಪ್ಲಾಯರ್ ಎಂದರೆ ಸಂಬಳ ಕೊಡುವ ಮಾಲೀಕರಲ್ಲ. ಕರಾರಿಗೆ ಸಹಿ ಹಾಕಿ ಕಾಮಗಾರಿ ಮಾಡಿಸುತ್ತಿರುವ ಇಲಾಖೆ, ನಿಗಮ ಅಥವಾ ಕಂಪನಿ. ಫೋರ್ಸ್ ಮೆಜೂರ್ ಎಂದರೆ ಎರಡೂ ಪಕ್ಷಗಳ ಹತೋಟಿ ಮೀರಿದ, ಕರಾರು ಮಾಡುವಾಗ ಮುಂಜಾಗ್ರತೆ ವಹಿಸಲು ಸಾಧ್ಯವಿರದ, ಬಂದ ಮೇಲೆ ತಪ್ಪಿಸಲೂ ಆಗದ ಅಸಾಧಾರಣ ಘಟನೆ. ಕನ್ನಡದ ಸರ್ಕಾರಿ ಪತ್ರಗಳಲ್ಲಿ ಇದನ್ನು "ದೈವಾಧೀನ ಘಟನೆ" ಅಥವಾ "ಅನಿವಾರ್ಯ ಪರಿಸ್ಥಿತಿ" ಎಂದೂ ಬರೆಯುತ್ತಾರೆ. ನೀವು ಮಾತ್ರ ನಿಮ್ಮ ಕರಾರಿನಲ್ಲಿರುವ ಪದವನ್ನೇ ಬಳಸಿ.

ವಿಷಯ ಗಾಳಿಯಲ್ಲಿ ತೇಲದಿರಲೆಂದು ಒಂದು ಕಾಲ್ಪನಿಕ ಕಾಮಗಾರಿಯನ್ನು ಕೊನೆಯವರೆಗೂ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಮಲಪ್ರಭಾ ನದಿಗೆ ಸೇತುವೆ ಕಟ್ಟಲಾಗುತ್ತಿದೆ. ಕರಾರು ಸಲಹಾ ಇಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್ ಸಂಸ್ಥೆಯ 1999ರ ಕೆಂಪು ಪುಸ್ತಕದ, ಅಂದರೆ ಅದರ ನಿರ್ಮಾಣ ಕರಾರಿನ ಮಾದರಿಯ, ಷರತ್ತುಗಳನ್ನು ಅನುಸರಿಸುತ್ತದೆ. ಮಳೆಗಾಲದಲ್ಲಿ ನದಿಯ ಪಾತ್ರದೊಳಗೆ ಯಾವ ಕೆಲಸವನ್ನೂ ಗುತ್ತಿಗೆದಾರರು ಇಟ್ಟುಕೊಂಡಿಲ್ಲ. ಎಡದಂಡೆಯ ಕಾಸ್ಟಿಂಗ್ ಯಾರ್ಡ್‌ನಲ್ಲಿ, ಅಂದರೆ ಗರ್ಡರ್‌ಗಳನ್ನು ಎರಕ ಹೊಯ್ಯುವ ಅಂಗಳದಲ್ಲಿ, ಎರಡು ಬೆಡ್‌ಗಳ ಮೇಲೆ ಕೆಲಸ ನಡೆದಿದೆ. ಟೆಂಡರ್ ನಕ್ಷೆಯಲ್ಲಿ ನದಿಯ ಅತಿ ಹೆಚ್ಚಿನ ನೆರೆ ಮಟ್ಟ, ಅಂದರೆ ಎಚ್‌ಎಫ್‌ಎಲ್, 98.60 ಮೀಟರ್. ಯಾರ್ಡ್‌ನ ಮಟ್ಟ 99.60 ಮೀಟರ್. ಆಗಸ್ಟ್ 7ರ ಬೆಳಗಿನ ಜಾವ ನೀರು ಯಾರ್ಡ್‌ಗೆ ನುಗ್ಗಿತು, 8ರಂದು 100.05 ಮೀಟರ್ ಮುಟ್ಟಿತು. ಅಂದರೆ ಯಾರ್ಡ್‌ನಲ್ಲಿ 45 ಸೆಂಟಿಮೀಟರ್ ನೀರು ನಿಂತಿತ್ತು.

1. ಮೊದಲು ಕರಾರನ್ನು ತೆರೆಯಿರಿ, ಗಡುವನ್ನು ಗೋಡೆಗೆ ಬರೆಯಿರಿ

ಪೆನ್ನು ಹಿಡಿಯುವ ಮೊದಲು ಕರಾರಿನ ಫೋರ್ಸ್ ಮೆಜೂರ್ ಕಲಂ, ಅವಧಿ ವಿಸ್ತರಣೆಯ ಕಲಂ ಮತ್ತು ಕ್ಲೇಮಿನ ಕಲಂ, ಈ ಮೂರನ್ನೂ ಓದಿ. ಸಾಮಾನ್ಯ ಷರತ್ತುಗಳನ್ನಷ್ಟೇ ಓದಿದರೆ ಸಾಲದು. ನಮ್ಮ ಇಲಾಖೆಗಳು ವಿಶೇಷ ಷರತ್ತುಗಳಲ್ಲಿ ಅದೇ ಕಲಮನ್ನು ತಿದ್ದಿ, ಕೆಲವೊಮ್ಮೆ ಪೂರ್ತಿ ತೆಗೆದುಹಾಕಿ ಟೆಂಡರ್ ಕರೆಯುವುದು ಅಪರೂಪವಲ್ಲ, ಮತ್ತು ಎರಡರ ನಡುವೆ ಭಿನ್ನತೆ ಇದ್ದರೆ ವಿಶೇಷ ಷರತ್ತಿನದೇ ಮಾತು ನಡೆಯುತ್ತದೆ.

ಫಿಡಿಕ್ 1999ರಲ್ಲಿ ಕಲಂ 19.2ರ ಪ್ರಕಾರ ಘಟನೆ ನಿಮ್ಮ ಗಮನಕ್ಕೆ ಬಂದ, ಅಥವಾ ಬರಬೇಕಾಗಿದ್ದ, ದಿನದಿಂದ 14 ದಿನಗಳೊಳಗೆ ನೋಟಿಸ್ ಕೊಡಬೇಕು. ಕಲಂ 20.1ರ ಪ್ರಕಾರ ಅವಧಿ ವಿಸ್ತರಣೆಯ ಕ್ಲೇಮಿಗೆ 28 ದಿನಗಳೊಳಗೆ ಇನ್ನೊಂದು ನೋಟಿಸ್ ಕೊಡಬೇಕು, 42 ದಿನಗಳೊಳಗೆ ವಿವರವಾದ ಕ್ಲೇಮನ್ನು ಸಲ್ಲಿಸಬೇಕು. ನಮ್ಮ ಉದಾಹರಣೆಯಲ್ಲಿ ಈ ಮೂರು ದಿನಾಂಕಗಳು ಆಗಸ್ಟ್ 21, ಸೆಪ್ಟೆಂಬರ್ 4 ಮತ್ತು ಸೆಪ್ಟೆಂಬರ್ 18. ಎಣಿಕೆ ಶುರುವಾಗುವುದು ನೀರು ಇಳಿದ ದಿನದಿಂದಲ್ಲ, ಬಂದ ದಿನದಿಂದ. ನೀರು ಇಳಿಯಲಿ, ಹಾನಿ ಎಷ್ಟಾಯಿತೆಂದು ನೋಡಿ ಬರೆಯೋಣ ಎಂದು ಕಾದವರೇ ಈ ಗಡುವನ್ನು ಕಳೆದುಕೊಳ್ಳುವುದು.

ಬಹಳ ಜನ ಎಡವುವ ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. 19.2ರ ನೋಟಿಸ್ ಹೋಗಬೇಕಾದದ್ದು ಎದುರು ಪಕ್ಷಕ್ಕೆ, ಅಂದರೆ ಎಂಪ್ಲಾಯರ್‌ಗೆ. 20.1ರ ನೋಟಿಸ್ ಹೋಗಬೇಕಾದದ್ದು ಕರಾರಿನಲ್ಲಿ "ಇಂಜಿನಿಯರ್" ಎಂದು ಹೆಸರಿಸಿದ ಮೇಲ್ವಿಚಾರಕ ಸಂಸ್ಥೆಗೆ. ದಿನವೂ ಪತ್ರವ್ಯವಹಾರ ನಡೆಯುವುದು ಆ ಸಂಸ್ಥೆಯ ಸೈಟ್ ಕಚೇರಿಯೊಂದಿಗೇ ಆದ್ದರಿಂದ ಎರಡನ್ನೂ ಅಲ್ಲಿಗೇ ಕೊಟ್ಟು ಸುಮ್ಮನಾಗುತ್ತಾರೆ. ಎರಡನ್ನೂ ಪ್ರತ್ಯೇಕವಾಗಿ ಬರೆದು, ಪ್ರತಿಯೊಂದರ ನಕಲನ್ನು ಇನ್ನೊಬ್ಬರಿಗೆ ಕೊಡುವುದೇ ಸುರಕ್ಷಿತ.

ನಿಮ್ಮದು ಫಿಡಿಕ್ ಕರಾರಲ್ಲದಿದ್ದರೆ ಕಲಂ ಮತ್ತು ದಿನಗಳು ಬದಲಾಗುತ್ತವೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಸಾಮಾನ್ಯ ಷರತ್ತುಗಳಲ್ಲಿ ಇದು ಕಲಂ 5ರ ಅಡಿಯಲ್ಲಿ ಬರುತ್ತದೆ. ಅಡಚಣೆ ಉಂಟಾದ ಕೂಡಲೇ ಲಿಖಿತವಾಗಿ ತಿಳಿಸಿ, 14 ದಿನಗಳೊಳಗೆ ನಿಗದಿತ ನಮೂನೆಯಲ್ಲಿ ಅವಧಿ ವಿಸ್ತರಣೆ ಕೋರಬೇಕಾಗುತ್ತದೆ, ಮತ್ತು ಹಿಂಡ್ರೆನ್ಸ್ ರಿಜಿಸ್ಟರ್‌ನಲ್ಲಿ, ಅಂದರೆ ಕೆಲಸಕ್ಕೆ ಬಂದ ಅಡಚಣೆಗಳನ್ನು ಎರಡೂ ಕಡೆಯವರ ಸಹಿಯೊಂದಿಗೆ ದಾಖಲಿಸುವ ಪುಸ್ತಕದಲ್ಲಿ, ನಮೂದಾಗದ ಅಡಚಣೆಗೆ ಬೆಲೆ ಕಡಿಮೆ. ಸರಕು ಪೂರೈಕೆಯ ಕರಾರುಗಳಿಗೆ ಅನ್ವಯಿಸುವ ಕೇಂದ್ರ ಹಣಕಾಸು ಸಚಿವಾಲಯದ ಖರೀದಿ ಕೈಪಿಡಿಯಂತೂ ಫೋರ್ಸ್ ಮೆಜೂರ್ ನೋಟಿಸನ್ನು ಘಟನೆಯಾದ ಕೂಡಲೇ ಕೊಡಬೇಕು, ಆಮೇಲೆ ಹಿಂದಿನ ತಾರೀಖಿಗೆ ಕೇಳುವಂತಿಲ್ಲ ಎಂದೇ ಹೇಳುತ್ತದೆ. ಇನ್ನು ಭಾರತೀಯ ಕರಾರು ಕಾಯ್ದೆಯ 56ನೇ ಕಲಮನ್ನು ಪತ್ರದಲ್ಲಿ ಉಲ್ಲೇಖಿಸುವ ಆಸೆ ಅನೇಕರಿಗಿರುತ್ತದೆ. ಅದು ಕರಾರೇ ನಿರರ್ಥಕವಾಗುವ ಸಂದರ್ಭಕ್ಕೆ ಸಂಬಂಧಿಸಿದ್ದು. ಇಪ್ಪತ್ತು ದಿನ ಕೆಲಸ ನಿಂತದ್ದಕ್ಕೆ ಅದನ್ನು ಎಳೆದು ತಂದರೆ ಕರಾರಿನಿಂದಲೇ ಹೊರಬರಲು ನೋಡುತ್ತಿದ್ದೀರಿ ಎಂಬ ಅರ್ಥ ಹೊರಡುತ್ತದೆ. ಬಿಟ್ಟುಬಿಡಿ.

2. ಮಳೆಯನ್ನು ಬರೆಯಬೇಡಿ, ಘಟನೆಯನ್ನು ಬರೆಯಿರಿ

ಮಳೆಗಾಲದಲ್ಲಿ ಮಳೆ ಬರುವುದು ಯಾವ ಕರಾರಿನಲ್ಲೂ ಅಸಾಧಾರಣ ಘಟನೆಯಲ್ಲ. ಉತ್ತರ ಕರ್ನಾಟಕದ ನದಿಗಳ ವಿಷಯದಲ್ಲಂತೂ ಎಂಪ್ಲಾಯರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "2009ರಲ್ಲಿ ನೆರೆ ಬಂದಿತ್ತು, 2019ರಲ್ಲಿ ಬಂದಿತ್ತು, 2021ರಲ್ಲೂ ಬಂದಿತ್ತು, ಇದು ನಿಮಗೆ ಗೊತ್ತಿರಲಿಲ್ಲವೇ?" ಎಂದು ಕೇಳಬಹುದು. ಈ ಪ್ರಶ್ನೆಗೆ ಮಳೆಯ ಭೀಕರತೆಯನ್ನು ವರ್ಣಿಸಿ ಉತ್ತರಿಸಲಾಗದು. ಉತ್ತರ ಇರುವುದು ಮಟ್ಟಗಳಲ್ಲಿ.

ಅನುಭವಿ ಗುತ್ತಿಗೆದಾರ ಟೆಂಡರ್ ಹಾಕುವಾಗ ತನಗೆ ಲಭ್ಯವಿದ್ದ ಮಾಹಿತಿಯ ಆಧಾರದ ಮೇಲೆ ಏನನ್ನು ಊಹಿಸಿ ಸಿದ್ಧತೆ ಮಾಡಿಕೊಳ್ಳಬಹುದಿತ್ತು ಎಂಬುದೇ ಇಲ್ಲಿನ ಪರೀಕ್ಷೆ. ನಮ್ಮ ಉದಾಹರಣೆಯ ಗುತ್ತಿಗೆದಾರರ ಬಳಿ ಎರಡು ಗಟ್ಟಿ ಉತ್ತರಗಳಿವೆ. ನದಿಯ ಪಾತ್ರದೊಳಗೆ ಮಳೆಗಾಲದಲ್ಲಿ ಕೆಲಸ ಇಟ್ಟುಕೊಂಡಿರಲಿಲ್ಲ ಎಂಬುದು ಒಂದು. ಎಂಪ್ಲಾಯರ್ ತಾವೇ ಕೊಟ್ಟ ನಕ್ಷೆಯ ನೆರೆ ಮಟ್ಟಕ್ಕಿಂತ ಒಂದು ಮೀಟರ್ ಎತ್ತರದಲ್ಲಿ ಯಾರ್ಡ್ ಮಾಡಲಾಗಿತ್ತು, ನೀರು ಆ ನಕ್ಷೆಯ ಮಟ್ಟವನ್ನು 1.45 ಮೀಟರ್‌ನಷ್ಟು ಮೀರಿ ಬಂತು ಎಂಬುದು ಇನ್ನೊಂದು. ಈ ಎರಡನೇ ವಾಕ್ಯದ ತೂಕ ಒಂದು ಪುಟದ ವರ್ಣನೆಗೂ ಇಲ್ಲ. ಯಾರ್ಡ್ 98.20ರಲ್ಲಿ ಇದ್ದಿದ್ದರೆ, ಅದೇ ನೆರೆಗೆ ಅದೇ ನೋಟಿಸ್ ನಿಲ್ಲುತ್ತಿರಲಿಲ್ಲ. ಆಗ ಪ್ರಾಮಾಣಿಕವಾಗಿ ಅವಧಿ ವಿಸ್ತರಣೆಯ ಬೇರೆ ದಾರಿ ನೋಡುವುದೇ ಲೇಸು.

ಫಿಡಿಕ್ 1999ರ ಕಲಂ 19.1ರಲ್ಲಿ ನೈಸರ್ಗಿಕ ವಿಕೋಪಗಳಿಗೆ ಕೊಟ್ಟಿರುವ ಉದಾಹರಣೆಗಳು ಭೂಕಂಪ, ಚಂಡಮಾರುತ, ಜ್ವಾಲಾಮುಖಿ. ನೆರೆಯ ಹೆಸರು ಅಲ್ಲಿಲ್ಲ. ಆದರೆ ಪಟ್ಟಿ ಅಲ್ಲಿಗೇ ಸೀಮಿತವಲ್ಲವೆಂದು ಕಲಮೇ ಹೇಳುವುದರಿಂದ, ಮೇಲಿನ ಪರೀಕ್ಷೆಗಳನ್ನು ದಾಟಿದ ನೆರೆಯೂ ಅದರೊಳಗೆ ಬರುತ್ತದೆ. ಆದರೂ ಒಂದೇ ಮೊಳೆಗೆ ಎಲ್ಲವನ್ನೂ ನೇತುಹಾಕಬೇಡಿ. "ಪರ್ಯಾಯವಾಗಿ" ಎಂದು ಬರೆದು, ಅಸಾಧಾರಣ ಪ್ರತಿಕೂಲ ಹವಾಮಾನಕ್ಕೆ ಅವಧಿ ವಿಸ್ತರಣೆ ಕೊಡುವ 8.4ನ್ನೂ ಉಲ್ಲೇಖಿಸಿ.

ಹಣದ ವಿಚಾರ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಅನೇಕರ ನಿರೀಕ್ಷೆ ಇಲ್ಲೇ ತಪ್ಪುತ್ತದೆ. 19.4ರ ಪ್ರಕಾರ ನೈಸರ್ಗಿಕ ವಿಕೋಪಕ್ಕೆ ಸಮಯ ಸಿಗುತ್ತದೆ, ವೆಚ್ಚ ಸಿಗುವುದಿಲ್ಲ. ಸುಮ್ಮನೆ ನಿಂತ ಯಂತ್ರಗಳ ಬಾಡಿಗೆಯನ್ನು ಈ ಕಲಮಿನಡಿ ಕೇಳಿದರೆ ಇಡೀ ಪತ್ರದ ವಿಶ್ವಾಸಾರ್ಹತೆ ಕುಸಿಯುತ್ತದೆ. ಆದರೆ ಕಾಮಗಾರಿಗೇ ಹಾನಿಯಾಗಿದ್ದರೆ ಅದು ಬೇರೆ ಮಾತು: ಮುಂಗಾಣಲಾಗದ ಪ್ರಕೃತಿ ವಿಕೋಪದಿಂದಾದ ಹಾನಿ 17.3ರ ಪ್ರಕಾರ ಎಂಪ್ಲಾಯರ್‌ನ ಹೊಣೆ, ಅದನ್ನು ಸರಿಪಡಿಸಿದ ವೆಚ್ಚವನ್ನು 17.4ರಡಿ ಕೇಳಬಹುದು. ಉದಾಹರಣೆಯಲ್ಲಿ ಒಂದು ಕಾಸ್ಟಿಂಗ್ ಬೆಡ್‌ನ ತಳ ಕುಸಿದಿದೆ. ತಾತ್ಕಾಲಿಕ ಕಾಮಗಾರಿಗಳೂ ಕರಾರಿನ "ಕಾಮಗಾರಿ" ಎಂಬ ವ್ಯಾಖ್ಯೆಯೊಳಗೆ ಬರುವುದರಿಂದ ಆ ದುರಸ್ತಿಗೆ ಈ ದಾರಿ ತೆರೆದಿದೆ. ಇಲಾಖೆಗಳು ವಿಶೇಷ ಷರತ್ತಿನಲ್ಲಿ ತಿದ್ದಿರಬಹುದಾದ ಕಲಂ ಇದೇ ಆದ್ದರಿಂದ ಪರಿಶೀಲಿಸದೆ ಬರೆಯಬೇಡಿ.

3. ಸಾಕ್ಷ್ಯ: ನೀರು ಇರುವಾಗಲೇ ಸಂಗ್ರಹಿಸಬೇಕಾದದ್ದು

ನೀರಿನ ಮಟ್ಟದ ಗುರುತೇ ಅತಿ ಮುಖ್ಯವಾದ ಸಾಕ್ಷ್ಯ, ಮತ್ತು ಮೊದಲು ಅಳಿಸಿಹೋಗುವುದೂ ಅದೇ. ನೀರು ಏರಿದ ಅತಿ ಎತ್ತರದ ಜಾಗವನ್ನು ಸೈಟ್ ಕಚೇರಿಯ ಗೋಡೆ, ವಿದ್ಯುತ್ ಕಂಬ, ಅಬಟ್‌ಮೆಂಟ್ ಹೀಗೆ ಅಲುಗಾಡದ ಮೂರು ಕಡೆ ಬಣ್ಣದಿಂದ ಗುರುತಿಸಿ, ಪಕ್ಕದಲ್ಲೇ ದಿನಾಂಕ ಮತ್ತು ಗಂಟೆ ಬರೆಯಿರಿ. ದಾರಿ ತೆರೆದ ಮೊದಲ ದಿನವೇ ಸರ್ವೇಯರ್‌ರಿಂದ ಆ ಗುರುತುಗಳ ಮಟ್ಟವನ್ನು ಯೋಜನೆಯ ಬೆಂಚ್‌ಮಾರ್ಕ್‌ನಿಂದ ತೆಗೆಸಿ. 100.05 ಎಂಬ ಅಂಕಿಗೆ ಬೆಲೆ ಬರುವುದು 98.60 ಯಾವ ಬೆಂಚ್‌ಮಾರ್ಕ್‌ನಿಂದ ಬಂದಿದೆಯೋ ಅದರಿಂದಲೇ ಇದನ್ನೂ ಅಳೆದಾಗ ಮಾತ್ರ.

ಮೇಲ್ವಿಚಾರಕ ಸಂಸ್ಥೆಯ ಪ್ರತಿನಿಧಿಯನ್ನು ಜಂಟಿ ಪರಿಶೀಲನೆಗೆ ಲಿಖಿತವಾಗಿ ಕರೆಯಿರಿ, ದಿನ ಮತ್ತು ಗಂಟೆ ಸೂಚಿಸಿ. ಬಂದರೆ ಒಂದು ಪುಟದ ಟಿಪ್ಪಣಿಗೆ ಇಬ್ಬರ ಸಹಿ ಆಗಲಿ. ಬಾರದಿದ್ದರೆ ಕರೆದ ಪತ್ರವೇ ಸಾಕ್ಷ್ಯವಾಗುತ್ತದೆ. ಟಿಪ್ಪಣಿಯಲ್ಲಿ ಕಾರಣ, ಹೊಣೆ ಯಾವುದನ್ನೂ ಬರೆಯದೆ ಕಂಡದ್ದನ್ನಷ್ಟೇ ಬರೆದರೆ ಎದುರಿನವರು ಸಹಿ ಹಾಕಲು ಹಿಂಜರಿಯುವುದಿಲ್ಲ: "ಯಾರ್ಡ್‌ನಲ್ಲಿ 15ರಿಂದ 20 ಸೆಂ.ಮೀ. ಹೂಳು, ಎರಡನೇ ಬೆಡ್‌ನ ತಳ ಮಧ್ಯದಲ್ಲಿ 22 ಮಿ.ಮೀ. ಇಳಿದಿದೆ."

ಹೊರಗಿನ ದಾಖಲೆಗಳಲ್ಲಿ ಮಳೆಯ ಅಂಕಿಗಳು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತವೆ. ಅವರ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇರುವುದರಿಂದ ಜಿಲ್ಲಾ ಸರಾಸರಿಗಿಂತ ನಿಮಗೆ ಇವೇ ಉಪಯುಕ್ತ. ನದಿಯ ಮಟ್ಟಕ್ಕೆ ಕೇಂದ್ರ ಜಲ ಆಯೋಗದ ಹತ್ತಿರದ ಮಾಪನ ಕೇಂದ್ರ, ಜಲಾಶಯದ ಹೊರಹರಿವಿಗೆ ಸಂಬಂಧಪಟ್ಟ ನೀರಾವರಿ ನಿಗಮದ ಪ್ರಕಟಣೆ, ನದಿಪಾತ್ರದ ಜನರಿಗೆ ತಹಶೀಲ್ದಾರ್ ಅಥವಾ ಜಿಲ್ಲಾಧಿಕಾರಿ ಹೊರಡಿಸಿದ ಎಚ್ಚರಿಕೆ, ಇವೆಲ್ಲವನ್ನೂ ಜೋಡಿಸಿ. ಸೈಟ್‌ನಲ್ಲಿ ಹನಿ ಮಳೆಯಿಲ್ಲದೆಯೂ ಮೇಲಿನಿಂದ ಬಿಟ್ಟ ನೀರಿನಿಂದ ನೆರೆ ಬರಬಹುದಾದ್ದರಿಂದ, ಮಲಪ್ರಭೆ, ಘಟಪ್ರಭೆ, ಕೃಷ್ಣೆಯ ದಂಡೆಯವರಿಗೆ ಮಳೆಯ ಅಂಕಿಗಿಂತ ಹೊರಹರಿವಿನ ಅಂಕಿ ಮುಖ್ಯ. ಆದರೆ ಹೊರಹರಿವನ್ನು ಸಂಗತಿಯಾಗಿಯಷ್ಟೇ ನಮೂದಿಸಿ. ಅಣೆಕಟ್ಟಿನವರು ತಪ್ಪು ಮಾಡಿದರು ಎಂಬ ಆರೋಪಕ್ಕೆ ಈ ಪತ್ರ ಜಾಗವಲ್ಲ.

ಮಳೆಯ ದಿನದ ಲೆಕ್ಕದಲ್ಲಿ ಒಂದು ಬಲೆ ಇದೆ. ಹವಾಮಾನದ ದಿನ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ. ಆಗಸ್ಟ್ 6ರ ರಾತ್ರಿ ಸುರಿದ ಮಳೆ ಅವರ ಪಟ್ಟಿಯಲ್ಲಿ 7ನೇ ತಾರೀಖಿನ ಎದುರಿಗೆ ಇರುತ್ತದೆ, ನಿಮ್ಮ ಸೈಟ್ ಡೈರಿಯಲ್ಲಿ 6ರ ಎದುರಿಗೆ. ಇದನ್ನು ವಿವರಿಸದಿದ್ದರೆ ನಿಮ್ಮ ಡೈರಿಯೇ ಸುಳ್ಳೆಂಬಂತೆ ಕಾಣುತ್ತದೆ. ಡೈರಿಯನ್ನು ತಿದ್ದಬೇಡಿ, ನೋಟಿಸಿನ ಅಡಿಯಲ್ಲಿ ಒಂದು ಸಾಲು ವಿವರಣೆ ಹಾಕಿ.

ಫೋಟೋಗಳಲ್ಲಿ ಗುರುತಿಸಬಹುದಾದ ಸ್ಥಿರ ವಸ್ತುವೊಂದು ಇರಲಿ. ಮೂಲ ಕಡತಗಳನ್ನು ಫೋನಿನಿಂದ ನೇರವಾಗಿ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳಿಸಿದ ಪ್ರತಿಯಲ್ಲಿ ತೆಗೆದ ಸಮಯ, ಸ್ಥಳದ ಮಾಹಿತಿ ಉಳಿಯುವುದಿಲ್ಲ. ಮತ್ತು ವಿಮೆಯವರ ಸರ್ವೇಯರ್ ಬಂದು ನೋಡುವವರೆಗೆ ಹಾಳಾದ ಸಾಮಗ್ರಿಯನ್ನು ಕದಲಿಸಬೇಡಿ. ತುರ್ತಾಗಿ ತೆರವು ಮಾಡಲೇಬೇಕಾದರೆ ಅವರಿಗೆ ಲಿಖಿತವಾಗಿ ತಿಳಿಸಿ, ಒಪ್ಪಿಗೆ ಪಡೆದು, ಫೋಟೋ ತೆಗೆದ ಮೇಲೆ ಮಾಡಿ.

4. ಏನು ನಿಂತಿತು, ಏನು ನಿಲ್ಲಲಿಲ್ಲ

19.2 ಸ್ಪಷ್ಟವಾಗಿ ಕೇಳುವ ವಿವರ ಇದು: ಯಾವ ಬಾಧ್ಯತೆಗಳ ಪಾಲನೆಗೆ ತಡೆಯಾಗಿದೆ, ಅಥವಾ ತಡೆಯಾಗಲಿದೆ. "ಎಲ್ಲ ಕೆಲಸ ಸ್ಥಗಿತ" ಎಂದು ಬರೆಯುವುದು ಸುಲಭ, ಆದರೆ ಆ ವಾರ ಬಲದಂಡೆಯಲ್ಲಿ ಕಬ್ಬಿಣ ಕತ್ತರಿಸುತ್ತಿದ್ದ ಫೋಟೋ ಒಂದು ಎದುರಿನವರ ಬಳಿ ಇದ್ದರೆ ಉಳಿದದ್ದನ್ನೂ ಅವರು ನಂಬುವುದಿಲ್ಲ. ಉದಾಹರಣೆಯಲ್ಲಿ ನಿಂತದ್ದು ಗರ್ಡರ್ ಎರಕ. ಅದು ಕ್ರಿಟಿಕಲ್ ಪಾತ್‌ನಲ್ಲಿದೆ, ಅಂದರೆ ಅದು ಒಂದು ದಿನ ತಡವಾದರೆ ಇಡೀ ಸೇತುವೆ ಒಂದು ದಿನ ತಡವಾಗುವ ಸರಣಿಯಲ್ಲಿದೆ. ಬಲದಂಡೆಯ ಕೂಡುರಸ್ತೆಯ ಮಣ್ಣಿನ ಕೆಲಸವೂ ನಿಂತಿತ್ತು, ಆದರೆ ಅದಕ್ಕೆ ಕಾರ್ಯಕ್ರಮದಲ್ಲಿ 30 ದಿನಗಳ ಬಿಡುವು ಇದೆ. ಅದನ್ನು ದಾಖಲಿಸಿ, ಸಮಯ ಕೇಳಬೇಡಿ.

5. ಹಾನಿ ಮತ್ತು ವಿಳಂಬ ತಗ್ಗಿಸಲು ಕೈಗೊಂಡ ಕ್ರಮ

ಎದುರಿನವರು ಅತಿ ಹೆಚ್ಚು ದಿನಗಳನ್ನು ಕತ್ತರಿಸುವ ಜಾಗ ಇದು. ನೀರು ಇದ್ದ ದಿನಗಳ ಬಗ್ಗೆ ಯಾರೂ ಹೆಚ್ಚು ತಕರಾರು ಮಾಡುವುದಿಲ್ಲ. ನೀರು ಇಳಿದ ದಿನಕ್ಕೂ ಕೆಲಸ ಮರಳಿ ಶುರುವಾದ ದಿನಕ್ಕೂ ನಡುವಿನ ಅಂತರವನ್ನು ಮಾತ್ರ ಬಿಡದೆ ಕೇಳುತ್ತಾರೆ. ಕಲಂ 19.3ರ ಪ್ರಕಾರ ವಿಳಂಬವನ್ನು ಕನಿಷ್ಠಗೊಳಿಸಲು ಸಮಂಜಸವಾದ ಎಲ್ಲ ಪ್ರಯತ್ನ ಮಾಡುವುದು ನಿಮ್ಮ ಕರ್ತವ್ಯ, ಮತ್ತು ಮಾಡಿದ್ದೇವೆಂದು ತೋರಿಸುವ ಭಾರವೂ ನಿಮ್ಮದೇ.

ಉದಾಹರಣೆಯ ದಿನಚರಿಯನ್ನು ನೋಡಿ. ಆಗಸ್ಟ್ 5ರ ಸಂಜೆ ಹೊರಹರಿವಿನ ಎಚ್ಚರಿಕೆ ಬಂತು. 6ರಂದು ಸ್ಟ್ರೆಸ್ಸಿಂಗ್ ಜ್ಯಾಕ್, ಡೀಸೆಲ್ ಜನರೇಟರ್ ಮತ್ತು 400 ಚೀಲ ಸಿಮೆಂಟನ್ನು ಎತ್ತರದ ಜಾಗಕ್ಕೆ ಸಾಗಿಸಲಾಯಿತು, ಕಾರ್ಮಿಕರ ವಸತಿಯನ್ನು ತೆರವುಗೊಳಿಸಲಾಯಿತು; ಗ್ಯಾಂಟ್ರಿ ಕ್ರೇನಿನ ಮೋಟಾರುಗಳನ್ನು ಬಿಚ್ಚಿ ಮೇಲೆ ಇಡಲಾಯಿತು. 7ರಿಂದ 18ರವರೆಗೆ ಯಾರ್ಡ್ ಅಥವಾ ಅದಕ್ಕೆ ಹೋಗುವ ದಾರಿ ನೀರಿನಲ್ಲಿತ್ತು. ಆ 12 ದಿನಗಳಲ್ಲಿ ಹೋಗಲು ಸಾಧ್ಯವಿದ್ದ ಕಾರ್ಮಿಕರನ್ನು ಬಲದಂಡೆಯ ಕಬ್ಬಿಣದ ಕೆಲಸಕ್ಕೆ ಹಾಕಲಾಯಿತು. 19ರಂದು ಜಂಟಿ ಪರಿಶೀಲನೆ ನಡೆದು, ಅಂದೇ ಮಧ್ಯಾಹ್ನ ಹೂಳು ತೆಗೆಯಲು ಶುರುವಾಯಿತು. 22ಕ್ಕೆ ಹೂಳು ಮುಗಿಯಿತು. 23 ಮತ್ತು 24ರಂದು ಬೆಡ್‌ಗಳ ಮಟ್ಟ ಪರೀಕ್ಷಿಸಿ, ಇಳಿದ ಬೆಡ್‌ನ ತಳವನ್ನು ಅಗೆದು ಮತ್ತೆ ಕಾಂಕ್ರೀಟ್ ಹಾಕಲಾಯಿತು. 25 ಮತ್ತು 26ರಂದು ಕ್ರೇನಿನ ಮೋಟಾರು ಜೋಡಿಸಿ ಭಾರ ಪರೀಕ್ಷೆ ಮಾಡಲಾಯಿತು, ಕಬ್ಬಿಣದ ಪಂಜರದ ಮೇಲಿನ ಕೆಸರು ತೊಳೆದು ಇಂಜಿನಿಯರ್‌ಗೆ ತೋರಿಸಲಾಯಿತು. 27ರಂದು ಒಂದನೇ ಬೆಡ್‌ನಲ್ಲಿ ಎರಕ ಮರಳಿ ಶುರುವಾಯಿತು. ಹೀಗೆ ಎಂಟೂ ದಿನಗಳಿಗೆ ಕೆಲಸದ ಹೆಸರು, ಯಂತ್ರ, ಆಳುಗಳ ಸಂಖ್ಯೆ ಇದ್ದರೆ ಕತ್ತರಿ ಆಡಲು ಜಾಗ ಉಳಿಯುವುದಿಲ್ಲ.

ನೆರೆ ಬಂದ ಕೂಡಲೇ ಕಾರ್ಮಿಕರನ್ನೆಲ್ಲ ಊರಿಗೆ ಕಳಿಸಿ, ಅವರು ಮರಳಿ ಬರಲು ಹಬ್ಬ ಮುಗಿಯಬೇಕಾಗಿ ಬಂದರೆ, ಆ ಹೆಚ್ಚುವರಿ ದಿನಗಳು ನೆರೆಯ ಖಾತೆಗೆ ಹೋಗುವುದಿಲ್ಲ. ಇದನ್ನು ಸೈಟ್ ಮ್ಯಾನೇಜರ್‌ಗೆ ಮೊದಲ ದಿನವೇ ಹೇಳಿಡಿ.

6. ನೋಟಿಸಿನ ಪಠ್ಯ

ನೋಟಿಸ್ ಚಿಕ್ಕದಾಗಿರಲಿ, ಒಂದೂವರೆ ಪುಟ ಸಾಕು. ಎಷ್ಟು ದಿನ ಬೇಕು ಎಂಬ ಅಂಕಿ ಈ ಹಂತದಲ್ಲಿ ಬೇಡ. ಕರಾರಿನ ಭಾಷೆ ಇಂಗ್ಲಿಷ್ ಎಂದಿದ್ದರೆ ಪತ್ರವೂ ಇಂಗ್ಲಿಷಿನಲ್ಲೇ ಹೋಗಬೇಕು. ಆಗಲೂ ಕೆಳಗಿನ ಕ್ರಮವನ್ನೇ ಅನುಸರಿಸಬಹುದು. ಆಗಸ್ಟ್ 9ರಂದು, ನೀರು ಇನ್ನೂ ನಿಂತಿರುವಾಗಲೇ, ಬರೆದ ಮಾದರಿ ಇದು:

ಗೆ: ಕಾರ್ಯಪಾಲಕ ಇಂಜಿನಿಯರ್ ರವರಿಗೆ (ಎಂಪ್ಲಾಯರ್‌ನ ಅಧಿಕೃತ ಪ್ರತಿನಿಧಿ), ಕರಾರಿನಲ್ಲಿ ನಮೂದಿಸಿದ ವಿಳಾಸ.

ವಿಷಯ: ಕಲಂ 19.2ರ ಅಡಿಯಲ್ಲಿ ಫೋರ್ಸ್ ಮೆಜೂರ್ ನೋಟಿಸ್: ಆಗಸ್ಟ್ 7ರಿಂದ ನದಿಯ ನೆರೆಯಿಂದ ಗರ್ಡರ್ ಎರಕದ ಕೆಲಸಕ್ಕೆ ತಡೆ.

ಉಲ್ಲೇಖ: ಕರಾರಿನ ಸಂಖ್ಯೆ ಮತ್ತು ದಿನಾಂಕ, ಅನುಮೋದಿತ ಕಾರ್ಯಕ್ರಮದ ಆವೃತ್ತಿ.

ಮಾನ್ಯರೇ,

ಮೇಲ್ಕಂಡ ಕರಾರಿನ ಕಲಂ 19.2ರ ಅನುಸಾರ ಈ ನೋಟಿಸನ್ನು ಸಲ್ಲಿಸುತ್ತಿದ್ದೇವೆ. ಆಗಸ್ಟ್ 7ರಂದು ಬೆಳಗಿನ ಜಾವ ಸುಮಾರು 4 ಗಂಟೆಗೆ ನದಿಯ ನೀರು ಎಡದಂಡೆಯ ಕಾಸ್ಟಿಂಗ್ ಯಾರ್ಡ್‌ಗೆ ನುಗ್ಗಿದ್ದು, ಆಗಸ್ಟ್ 8ರಂದು ನಮ್ಮ ಪ್ರಾಥಮಿಕ ಅಳತೆಯಂತೆ 100.05 ಮೀಟರ್ ಮಟ್ಟವನ್ನು ತಲುಪಿರುತ್ತದೆ. ಟೆಂಡರ್ ನಕ್ಷೆಯಲ್ಲಿ ನಮೂದಿಸಿರುವ ಅತಿ ಹೆಚ್ಚಿನ ನೆರೆ ಮಟ್ಟ 98.60 ಮೀಟರ್ ಆಗಿದ್ದು, ಯಾರ್ಡನ್ನು ಅದಕ್ಕಿಂತ 1.00 ಮೀಟರ್ ಎತ್ತರದಲ್ಲಿ ನಿರ್ಮಿಸಲಾಗಿತ್ತು.

ಈ ಘಟನೆಯಿಂದ ಅನುಮೋದಿತ ಕಾರ್ಯಕ್ರಮದಂತೆ ಗರ್ಡರ್‌ಗಳನ್ನು ಎರಕ ಹೊಯ್ಯುವ ನಮ್ಮ ಬಾಧ್ಯತೆಯ ಪಾಲನೆಗೆ ಆಗಸ್ಟ್ 7ರಿಂದ ತಡೆಯಾಗಿದ್ದು, ಯಾರ್ಡ್ ಮತ್ತು ಅದರ ದಾರಿ ಇಂದಿಗೂ ಜಲಾವೃತವಾಗಿವೆ. ಬಲದಂಡೆಯ ಕೂಡುರಸ್ತೆಯ ಮಣ್ಣಿನ ಕೆಲಸವೂ ನಿಂತಿದೆ. ಬಲದಂಡೆಯಲ್ಲಿ ಕಬ್ಬಿಣದ ಕೆಲಸ ಮುಂದುವರಿದಿದೆ.

ಎಚ್ಚರಿಕೆ ಬಂದ ಕೂಡಲೇ ಆಗಸ್ಟ್ 6ರಂದು ಕೈಗೊಂಡ ಕ್ರಮಗಳ ವಿವರ ಅನುಬಂಧ 2ರಲ್ಲಿದೆ. ನೀರು ಇಳಿದ ದಿನವೇ ಜಂಟಿ ಪರಿಶೀಲನೆಗೆ ಕೋರಿ, ಹೂಳು ತೆರವಿನ ಕೆಲಸ ಆರಂಭಿಸಲಾಗುವುದು; ಇದಕ್ಕಾಗಿ ಎರಡು ಪಂಪು ಮತ್ತು ಒಂದು ಎಕ್ಸ್‌ಕವೇಟರನ್ನು ಸಿದ್ಧವಾಗಿರಿಸಲಾಗಿದೆ.

ಪರಿಣಾಮ ಮುಂದುವರಿದಿರುವುದರಿಂದ ವಿಳಂಬದ ಪ್ರಮಾಣವನ್ನು ಈಗ ಹೇಳಲು ಸಾಧ್ಯವಿಲ್ಲ. ಕಲಂ 19.4, ಪರ್ಯಾಯವಾಗಿ ಕಲಂ 8.4, ಹಾಗೂ ಹಾನಿಯ ಮಟ್ಟಿಗೆ ಕಲಂ 17.4ರ ಅಡಿಯ ನಮ್ಮ ಹಕ್ಕುಗಳನ್ನು ಕಾಯ್ದಿರಿಸಿಕೊಂಡಿದ್ದೇವೆ. ಕಲಂ 20.1ರ ನೋಟಿಸನ್ನು ಇಂಜಿನಿಯರ್ ರವರಿಗೆ ಪ್ರತ್ಯೇಕವಾಗಿ ಸಲ್ಲಿಸಲಾಗುತ್ತಿದೆ.

ಅನುಬಂಧ: 1) ಫೋಟೋಗಳು ಮತ್ತು ಮಟ್ಟದ ದಾಖಲೆ; 2) ಆಗಸ್ಟ್ 5ರಿಂದ 9ರವರೆಗಿನ ಸೈಟ್ ಡೈರಿಯ ಪ್ರತಿ; 3) ಹೊರಹರಿವಿನ ಎಚ್ಚರಿಕೆಯ ಪ್ರತಿ.

ತಮ್ಮ ವಿಶ್ವಾಸಿ, ಅಧಿಕೃತ ಸಹಿ.
ಪ್ರತಿ: ಇಂಜಿನಿಯರ್ ರವರಿಗೆ.

"ಪ್ರಾಥಮಿಕ ಅಳತೆಯಂತೆ" ಎಂಬ ಪದವನ್ನು ಗಮನಿಸಿ. ಜಂಟಿ ಪರಿಶೀಲನೆಯಲ್ಲಿ ಮಟ್ಟ 100.02 ಎಂದು ಬಂದರೂ ನೋಟಿಸ್ ಸುಳ್ಳಾಗುವುದಿಲ್ಲ. "ದಯಮಾಡಿ", "ಸಹಾನುಭೂತಿಯಿಂದ ಪರಿಗಣಿಸಿ" ಎಂಬ ಮಾತುಗಳು ಪತ್ರದಲ್ಲಿಲ್ಲ ಎಂಬುದನ್ನೂ ಗಮನಿಸಿ. ಕರಾರು ಕೊಟ್ಟಿರುವುದನ್ನು ದಯೆಯಾಗಿ ಕೇಳಬೇಕಾಗಿಲ್ಲ.

7. ತಲುಪಿಸುವುದು

ಕರಾರಿನಲ್ಲಿ ಹೇಳಿದ ವಿಳಾಸಕ್ಕೆ, ಹೇಳಿದ ವಿಧಾನದಲ್ಲೇ ತಲುಪಿಸಿ. ಫಿಡಿಕ್‌ನಲ್ಲಿ ಕೈಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಬಹುದು, ಅಂಚೆ ಅಥವಾ ಕೊರಿಯರ್ ಆಗಬಹುದು, ಇಮೇಲ್ ಆಗುವುದು ಟೆಂಡರ್ ಅನುಬಂಧದಲ್ಲಿ ಒಪ್ಪಿಕೊಂಡಿದ್ದರೆ ಮಾತ್ರ. ವಾಟ್ಸ್ಆ್ಯಪ್ ಗುಂಪಿನಲ್ಲಿ ಸಾಹೇಬರು ಹೆಬ್ಬೆರಳು ತೋರಿಸಿದ್ದು ಸ್ವೀಕೃತಿಯಲ್ಲ. ಇನ್‌ವಾರ್ಡ್ ಸಂಖ್ಯೆ ಮತ್ತು ದಿನಾಂಕದ ಮೊಹರು ಇರುವ ಕಚೇರಿ ಪ್ರತಿಯನ್ನು ಜೋಪಾನವಾಗಿಡಿ. ರಸ್ತೆ ಕಡಿತವಾಗಿ ಕಚೇರಿ ತಲುಪಲಾಗದಿದ್ದರೆ ಇಮೇಲ್ ಕಳಿಸಿ, ದಾರಿ ತೆರೆದ ದಿನ ಮೂಲ ಪ್ರತಿಯನ್ನು ಕೊಡಿ.

8. ನಂತರದ ಪತ್ರಗಳು

ನೋಟಿಸ್ ಕೊಟ್ಟ ಮೇಲೆ ಸುಮ್ಮನಾಗುವವರೇ ಹೆಚ್ಚು. ಪರಿಣಾಮ ನಿಂತಾಗ ಅದನ್ನೂ ತಿಳಿಸಬೇಕೆಂದು 19.3 ಹೇಳುತ್ತದೆ, ಉದಾಹರಣೆಯಲ್ಲಿ ಆ ಪತ್ರ ಆಗಸ್ಟ್ 27ರಂದೇ ಹೋಗಬೇಕು. ಈ ಪತ್ರ ಇಲ್ಲದಿದ್ದರೆ ಕೊನೆಯ ದಿನಾಂಕವನ್ನು ನಿಮ್ಮ ಪರವಾಗಿ ಬೇರೆಯವರು ನಿರ್ಧರಿಸುತ್ತಾರೆ.

ಸೆಪ್ಟೆಂಬರ್ 18ರೊಳಗೆ ಸಲ್ಲಿಸುವ ವಿವರವಾದ ಕ್ಲೇಮಿನಲ್ಲಿ ದಿನಗಳ ಲೆಕ್ಕ ಬರುತ್ತದೆ. ಆಗಸ್ಟ್ 7ರಿಂದ 26ರವರೆಗೆ 20 ದಿನ ಎರಕ ನಿಂತಿತು. ಅನುಮೋದಿತ ಕಾರ್ಯಕ್ರಮದಲ್ಲಿ ಆಗಸ್ಟ್ ತಿಂಗಳಿಗೆ ಮಳೆಯ ಸಲುವಾಗಿ 6 ದಿನ ಮೊದಲೇ ಬಿಟ್ಟಿದ್ದರು, ಅದರಲ್ಲಿ 2 ದಿನ 6ನೇ ತಾರೀಖಿನೊಳಗೆ ಬಳಕೆಯಾಗಿತ್ತು. ಉಳಿದ 4 ದಿನಗಳನ್ನು ಕಳೆದು ಕೇಳಬೇಕಾದದ್ದು 16 ದಿನ. 20 ಕೇಳಿ 16 ಪಡೆಯೋಣ ಎಂಬ ಚೌಕಾಸಿಯ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಆ 4 ದಿನಗಳನ್ನು ಎದುರಿನವರು ಪತ್ತೆ ಹಚ್ಚಿದರೆ ಉಳಿದ ಹದಿನಾರನ್ನೂ ಭೂತಗನ್ನಡಿ ಹಿಡಿದು ನೋಡುತ್ತಾರೆ. ನೀವೇ ಕಳೆದು ತೋರಿಸಿದರೆ ಉಳಿದದ್ದರ ಮೇಲಿನ ಚರ್ಚೆ ಬೇಗ ಮುಗಿಯುತ್ತದೆ. ಎರಡನೇ ಬೆಡ್ ಮೇಲೆ ಹೊಸ ಕಾಂಕ್ರೀಟ್ ಬಲಗೊಳ್ಳಲು ಇನ್ನೂ ಕೆಲವು ದಿನ ಬೇಕಾಗಿ ಎರಕದ ವೇಗ ಅರ್ಧಕ್ಕೆ ಇಳಿದಿದ್ದರೆ, ಅದನ್ನು ಪ್ರತ್ಯೇಕ ಸಾಲಿನಲ್ಲಿ, ಅದರದೇ ದಾಖಲೆಯೊಂದಿಗೆ ತೋರಿಸಿ. ಬೆಡ್ ದುರಸ್ತಿಯ ವೆಚ್ಚವನ್ನು ಇದರೊಂದಿಗೆ ಬೆರೆಸದೆ 17.4ರ ಹೆಸರಿನಲ್ಲಿ ಬೇರೆ ಪಟ್ಟಿ ಮಾಡಿ, ವಿಮೆಯಿಂದ ಬಂದ ಅಥವಾ ಬರಬೇಕಾದ ಮೊತ್ತವನ್ನು ಅದರಲ್ಲಿ ಕಳೆಯಿರಿ.

ಎಂಪ್ಲಾಯರ್‌ನಿಂದ ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ಅಷ್ಟರಲ್ಲಿ ಮೂಲ ಮುಕ್ತಾಯ ದಿನಾಂಕ ದಾಟುವಂತಿದ್ದರೆ, ಕಾರ್ಯನಿರ್ವಹಣೆಯ ಬ್ಯಾಂಕ್ ಗ್ಯಾರಂಟಿ ಮತ್ತು ಕಾಮಗಾರಿಯ ವಿಮಾ ಪಾಲಿಸಿಯ ಅವಧಿಗಳನ್ನು ಕೇಳಿದ 16 ದಿನಗಳನ್ನೂ ಒಳಗೊಳ್ಳುವಂತೆ ಮೊದಲೇ ವಿಸ್ತರಿಸಿ, ಆ ದಾಖಲೆಗಳ ಪ್ರತಿಯನ್ನು ಇದೇ ಕಡತಕ್ಕೆ ಸೇರಿಸಿ.